ಒಂದೇ ಅಲ್ಯೂಮಿನಿಯಂ ಸರಳು, ಮೂರು ಬೇರೆ ಬೇರೆ ವೇಗ: ಯಾವುದನ್ನು ನಂಬಬೇಕು?

ಗೋಣಿಕೊಪ್ಪ_ಬಿಎಸ್ಸಿ

ನಾನು ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿ. ಘನ ಸರಳಿನಲ್ಲಿ ನೀಳತರಂಗದ ವೇಗ v = √(Y/ρ) ಎಂದು ತರಗತಿಯಲ್ಲಿ ಬರೆದುಕೊಂಡದ್ದನ್ನು ಮನೆಯಲ್ಲಿ ಪರೀಕ್ಷಿಸೋಣವೆಂದು, ಪೇಟೆಯ ಹಾರ್ಡ್‌ವೇರ್ ಅಂಗಡಿಯಿಂದ ಸರಿಯಾಗಿ ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ ಸರಳೊಂದನ್ನು ಕತ್ತರಿಸಿ ತಂದೆ. ಅಂಗಡಿಯವರು ಅದನ್ನು 12 ಎಂ.ಎಂ. ಸರಳು ಎಂದರು. ನಟ್ಟನಡುವೆ ಎರಡು ಬೆರಳುಗಳಿಂದ ಹಿಡಿದು, ಒಂದು ತುದಿಯ ಮುಖಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಇನ್ನೊಂದು ತುದಿಯ ಬಳಿ ಮೊಬೈಲ್ ಇಟ್ಟು, ಬಂದ ನಾದದ ಆವೃತ್ತಿಗಳನ್ನು ತೋರಿಸುವ ಆ್ಯಪ್‌ನಲ್ಲಿ ನೋಡಿದೆ. ಹಂಚಿನ ಮೇಲೆ ಕಕ್ಕಡದ ಮಳೆ ಹೊಯ್ಯುತ್ತಿದ್ದಾಗ ಪರದೆಯ ಮೇಲೆ ಗದ್ದಲವಲ್ಲದೆ ಬೇರೇನೂ ಕಾಣಲಿಲ್ಲವಾದ್ದರಿಂದ, ರಾತ್ರಿ ಹನ್ನೊಂದಕ್ಕೆ ಮಳೆ ಬಿಡುವು ಕೊಟ್ಟಾಗ ಎದ್ದು ಅಳೆದೆ. 2530 ಹರ್ಟ್ಜ್‌ನಲ್ಲಿ ಎತ್ತರದ ಮೊನೆಯೊಂದು ಎದ್ದು ನಿಂತಿತು. 158 ಮತ್ತು 510ರ ಆಸುಪಾಸಿನಲ್ಲಿ ಎರಡು ಚಿಕ್ಕ ಮೊನೆಗಳೂ ಇದ್ದವು.

ಎರಡೂ ತುದಿ ಬಿಡುವಾಗಿರುವ ಸರಳಿನಲ್ಲಿ ಉದ್ದವು ಅರ್ಧ ತರಂಗದೂರಕ್ಕೆ ಸಮ ಎಂದು ಹಿಡಿದರೆ v = 2Lf, ಅಂದರೆ 5060 ಮೀ/ಸೆ. ಸೂತ್ರದಿಂದಲೂ ಲೆಕ್ಕ ಹಾಕಿದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸರಳು 342 ಗ್ರಾಂ ತೂಗಿತು. ಅದನ್ನು ಗಾತ್ರದಿಂದ ಭಾಗಿಸಿ ಸಾಂದ್ರತೆ ಪಡೆದು, ಪುಸ್ತಕದ ಯಂಗ್ ಗುಣಾಂಕ 6.9 × 10¹⁰ ಪಾಸ್ಕಲ್ ಹಾಕಿದಾಗ ಬಂದದ್ದು ಸುಮಾರು 4780. ಅಲ್ಯೂಮಿನಿಯಂನಲ್ಲಿ ಶಬ್ದದ ವೇಗವೆಷ್ಟೆಂದು ಕೋಷ್ಟಕ ನೋಡಿದರೆ ಅಲ್ಲಿ 6400ರ ಹತ್ತಿರ ಇದೆ. ಕಾಲೇಜಿನಲ್ಲಿ ತೋರಿಸಿದಾಗ "ಮೊಬೈಲ್‌ನಲ್ಲಿ ಅಳೆದರೆ ಇಷ್ಟೇ" ಎಂಬ ಮಾತಿಗೆ ಎಲ್ಲವೂ ಮುಗಿಯಿತು. ಮೂರರಲ್ಲಿ ಯಾವುದು ಸರಿ?

ಸುಂಟಿಕೊಪ್ಪ_ಸೈಕಲ್

ತಂಗಿ, ನಿಮ್ಮ ಮೂಲ ಸ್ವರ 2530 ಅಲ್ಲ, 510 ಎಂದು ನನಗೆ ಅನ್ನಿಸುತ್ತದೆ. 510ರ ಐದು ಪಟ್ಟು 2550, ಅದು ನಿಮ್ಮ 2530ಕ್ಕೆ ಸಾಕಷ್ಟು ಹತ್ತಿರವಿದೆ. ಹಾಗಾದರೆ ನೀವು ಐದನೆಯ ಸ್ವರವನ್ನು ಮೂಲವೆಂದು ತಿಳಿದು ವೇಗವನ್ನು ಐದು ಪಟ್ಟು ಹೆಚ್ಚಿಸಿದ್ದೀರಿ.

ಏಲಕ್ಕಿ_ಮಲೆ

ಘನವಸ್ತು ಹೆಚ್ಚು ಸಾಂದ್ರವಾಗಿರುವುದರಿಂದಲೇ ಅದರಲ್ಲಿ ಶಬ್ದ ವೇಗವಾಗಿ ಹೋಗುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅಲ್ಯೂಮಿನಿಯಂ ಹಗುರವಾದ ಲೋಹ, ಆದ್ದರಿಂದ ಮೂರರಲ್ಲಿ ಕಡಿಮೆಯದೇ ಸರಿ ಇರಬೇಕು. ಕಬ್ಬಿಣದ ಸರಳು ತಂದು ನೋಡಿ, ಬಹಳ ಹೆಚ್ಚು ಬರುತ್ತದೆ.

ಮಡಿಕೇರಿ_ನಿವೃತ್ತ_ಮೇಷ್ಟ್ರು

ಮೊದಲು ಏಲಕ್ಕಿಯವರಿಗೆ ಉತ್ತರಿಸುತ್ತೇನೆ, ಏಕೆಂದರೆ ಮೂವತ್ತು ವರ್ಷ ಪಾಠ ಮಾಡಿದರೂ ನಾನು ಕಿತ್ತುಹಾಕಲಾರದ ತಪ್ಪು ಕಲ್ಪನೆಯಿದು. ಸೂತ್ರದಲ್ಲಿ ಸಾಂದ್ರತೆ ಇರುವುದು ಛೇದದಲ್ಲಿ. ಉಳಿದದ್ದು ಹಾಗೆಯೇ ಇದ್ದರೆ ಭಾರವಾದ ವಸ್ತುವಿನಲ್ಲಿ ಅಲೆ ನಿಧಾನವಾಗುತ್ತದೆಯೇ ಹೊರತು ಬೇಗವಾಗುವುದಿಲ್ಲ. ಉಕ್ಕಿನ ಯಂಗ್ ಗುಣಾಂಕ ಅಲ್ಯೂಮಿನಿಯಂನದಕ್ಕಿಂತ ಸುಮಾರು ಮೂರು ಪಟ್ಟು, ಸಾಂದ್ರತೆಯೂ ಸುಮಾರು ಮೂರು ಪಟ್ಟು. ಒಂದನ್ನೊಂದು ಹೊಡೆದುಹಾಕಿ ಉಕ್ಕಿನ ಸರಳಿನಲ್ಲೂ 5050ರ ಹತ್ತಿರವೇ ಬರುತ್ತದೆ. ಕೋವಿಯ ಗುಂಡಿಗೆ ಬಳಸುವ ಸೀಸವು ಉಕ್ಕಿಗಿಂತಲೂ ಭಾರ, ಆದರೆ ಬಹಳ ಮೆದು; ಅದರ ಸರಳಿನಲ್ಲಿ ವೇಗ ಸುಮಾರು 1200 ಮೀ/ಸೆ. ಮಾತ್ರ.

ಇನ್ನು ಗೋಣಿಕೊಪ್ಪದ ಹುಡುಗಿಗೆ. ನಿನ್ನ 5060 ಸರಿಯಾಗಿದೆ ಎಂಬುದು ನನ್ನ ಅಭಿಪ್ರಾಯ, 4780 ತಪ್ಪು. ನೀನು ಪಡೆದ ಸಾಂದ್ರತೆ ಎಷ್ಟೆಂದು ಬರೆದಿಲ್ಲ. 12 ಎಂ.ಎಂ. ವ್ಯಾಸ, ಒಂದು ಮೀಟರ್ ಉದ್ದ ಎಂದರೆ ಗಾತ್ರ 113 ಘನ ಸೆಂ.ಮೀ.; 342 ಗ್ರಾಂ ತೂಕಕ್ಕೆ ಅದು 3.02 ಆಗುತ್ತದೆ. ಯಾವ ಅಂಗಡಿಯ ಅಲ್ಯೂಮಿನಿಯಂ ಅಷ್ಟು ಭಾರವಿರುತ್ತದೆ? ಅಂಗಡಿಯವರ ಮಾತನ್ನು ನಂಬದೆ ವರ್ನಿಯರ್‌ನಿಂದ ವ್ಯಾಸವನ್ನು ಅಳೆದು ತಿಳಿಸು. 6400ರ ವಿಷಯ ಆಮೇಲೆ.

ಸುಂಟಿಕೊಪ್ಪ_ಸೈಕಲ್

ಮೇಷ್ಟ್ರೇ, ನನ್ನ 510ರ ಪ್ರಶ್ನೆಗೆ ತಾವು ಉತ್ತರಿಸಲಿಲ್ಲ.

ಮಡಿಕೇರಿ_ನಿವೃತ್ತ_ಮೇಷ್ಟ್ರು

ಉತ್ತರಿಸುತ್ತೇನೆ. 510 ಮೂಲವಾಗಿದ್ದು 2530 ಅದರ ಐದನೆಯದಾಗಿದ್ದರೆ, ನಡುವೆ ಹಿಡಿದ ಸರಳಿನಲ್ಲಿ ಮೂರನೆಯದು, ಅಂದರೆ 1530, ಅವೆರಡರ ಮಧ್ಯೆ ಕಾಣಬೇಕಿತ್ತು, ಅದು ಅಲ್ಲಿಲ್ಲ. ಜೊತೆಗೆ 158 ಎಲ್ಲಿಂದ ಬಂತು? 158 ಮತ್ತು 510 ಎರಡೂ ಬಾಗುವಿಕೆಯ ಕಂಪನಗಳು. ಸುತ್ತಿಗೆಯ ಪೆಟ್ಟು ಕೂದಲೆಳೆಯಷ್ಟು ಓರೆಯಾದರೂ ಸರಳು ಉದ್ದಕ್ಕೆ ಹಿಗ್ಗಿ ಕುಗ್ಗುವುದರ ಜೊತೆಗೆ ಬಿಲ್ಲಿನಂತೆ ಬಾಗಿಯೂ ನಡುಗುತ್ತದೆ. ಆ ಸ್ವರಗಳು ಒಂದು, ಎರಡು, ಮೂರು ಎಂಬ ಸರಳ ಪಟ್ಟಿಯಲ್ಲಿ ಬರುವುದಿಲ್ಲ. ನಡುವೆ ಹಿಡಿದಾಗ ಉಳಿಯುವ ಮೊದಲೆರಡು ಬಾಗುವಿಕೆಗಳ ಅನುಪಾತ 3.24, 158ನ್ನು ಅದರಿಂದ ಗುಣಿಸಿ ನೋಡಿ, 512 ಬರುತ್ತದೆ. ಇದಕ್ಕಿಂತ ಸ್ಪಷ್ಟ ಗುರುತು ಬೇಕೆ?

ಸಂಶಯ ಉಳಿದರೆ ಬೆರಳುಗಳ ಜಾಗ ಬದಲಿಸಿದರೆ ಸಾಕು. ತುದಿಯಿಂದ ಕಾಲು ಭಾಗದಲ್ಲಿ, ಅಂದರೆ 25 ಸೆಂ.ಮೀ. ದೂರದಲ್ಲಿ ಹಿಡಿದು ತಟ್ಟಿದರೆ 2530 ಅಡಗಿ 5060 ಏಳಬೇಕು, ಏಕೆಂದರೆ ಎರಡನೆಯ ನೀಳಕಂಪನಕ್ಕೆ ಅಲುಗದ ಜಾಗ ಅದೇ.

ತೋಟದ_ಪೈಪು

ಈ ಚರ್ಚೆಯನ್ನು ಓದುತ್ತಿರುವಾಗ ನನ್ನದೇ ಅನುಭವವೊಂದು ನೆನಪಾಯಿತು. ಕಾಫಿಗೆ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ನಾವು ಫೆಬ್ರವರಿ, ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕುತ್ತೇವೆ. ಇಪ್ಪತ್ತಡಿಯ ಅಲ್ಯೂಮಿನಿಯಂ ಪೈಪುಗಳನ್ನು ಹೆಗಲ ಮೇಲಿಂದ ಇಳಿಸುವಾಗ ತುದಿ ಕಲ್ಲಿಗೆ ತಗುಲಿದರೆ ಒಂದು ನಾದ ಬರುತ್ತದೆ, ಪಕ್ಕಕ್ಕೆ ತಗುಲಿದರೆ ಬೇರೆಯದೇ ನಾದ. ಅದು ಪೈಪಿನೊಳಗಿನ ಗಾಳಿಯ ಸದ್ದೆಂದು ನಾನು ಇಲ್ಲಿಯವರೆಗೆ ತಿಳಿದಿದ್ದೆ. ಟೊಳ್ಳು ಪೈಪಿಗೂ ಇದೇ ಸೂತ್ರ ನಡೆಯುತ್ತದೆಯೇ?

ಕುಶಾಲನಗರ_ವೆಲ್ಡಿಂಗ್

ನಡೆಯುತ್ತದೆ ಅಣ್ಣ. ದಪ್ಪ ಸರಳನ್ನು ಅಷ್ಟೇ ಕುಗ್ಗಿಸಲು ಹೆಚ್ಚು ಬಲ ಬೇಕು, ಆದರೆ ಆ ಬಲ ಅಲುಗಿಸಬೇಕಾದ ತೂಕವೂ ಅಷ್ಟೇ ಪಾಲಿನಲ್ಲಿ ಹೆಚ್ಚು. ಆದ್ದರಿಂದ ಅಡ್ಡಕೊಯ್ತದ ವಿಸ್ತೀರ್ಣ ಲೆಕ್ಕದಿಂದ ಹೊರಟುಹೋಗುತ್ತದೆ. ಗಟ್ಟಿ ಸರಳಾಗಲಿ, ಟೊಳ್ಳು ಪೈಪಾಗಲಿ, ಚೌಕ ಪಟ್ಟಿಯಾಗಲಿ, ಲೋಹ ಒಂದೇ ಆದರೆ ವೇಗವೂ ಒಂದೇ. ನಿಮ್ಮ ಪೈಪಿನ ಉದ್ದ 6.1 ಮೀಟರ್ ಎಂದು ಹಿಡಿದರೆ 5060ನ್ನು 12.2ರಿಂದ ಭಾಗಿಸಿದಾಗ 415 ಹರ್ಟ್ಜ್ ಬರಬೇಕು. ಒಳಗಿನ ಗಾಳಿಯ ಮೂಲಸ್ವರ ಅಷ್ಟು ಉದ್ದಕ್ಕೆ 28 ಹರ್ಟ್ಜ್‌ನಷ್ಟು ತಗ್ಗಿರುತ್ತದೆ, ಅದು ಕಿವಿಗೆ ನಾದವಾಗಿ ಕೇಳುವುದೇ ಕಷ್ಟ.

ಇನ್ನು 6400ರ ವಿಷಯದಲ್ಲಿ ನನ್ನ ಕೆಲಸದ್ದೊಂದು ಮಾತು ಹೇಳುತ್ತೇನೆ. ನಾವು ತೊಟ್ಟಿಗಳ ತಗಡಿನ ದಪ್ಪವನ್ನು ಹೊರಗಿನಿಂದಲೇ ಅಲ್ಟ್ರಾಸಾನಿಕ್ ಗೇಜ್‌ನಿಂದ ಅಳೆಯುತ್ತೇವೆ. ಉಕ್ಕಿಗೆ ಆ ಯಂತ್ರದಲ್ಲಿ 5900ರ ಆಸುಪಾಸಿನ ವೇಗವನ್ನು ಹಾಕಬೇಕು. ಹೊಸದಾಗಿ ಸೇರಿದ ಹುಡುಗನೊಬ್ಬ ಪುಸ್ತಕದ ಸೂತ್ರದಿಂದ 5050 ಲೆಕ್ಕ ಹಾಕಿ ಅದನ್ನೇ ಒತ್ತಿಬಿಟ್ಟಿದ್ದ, 10 ಎಂ.ಎಂ. ತಗಡು 8.5 ಎಂದು ತೋರಿಸಿತು. ತಗಡು ತುಕ್ಕು ಹಿಡಿದು ಸವೆದಿದೆ ಎಂದು ವರದಿ ಬರೆಯುವ ಹಂತಕ್ಕೆ ಹೋಗಿದ್ದೆವು. ಅದೃಷ್ಟಕ್ಕೆ ದಪ್ಪ ಗೊತ್ತಿರುವ ತುಂಡೊಂದು ಚೀಲದಲ್ಲಿತ್ತು, ಅದೂ ತೆಳ್ಳಗಾಗಿದೆ ಎಂದಾಗ ತಪ್ಪು ಯಂತ್ರದ ಹೊಂದಿಕೆಯದು ಎಂದು ತಿಳಿಯಿತು. ಹೀಗೆ ವೇಗ ಎರಡು ಎಂಬುದು ನನಗೆ ಕೆಲಸದಿಂದ ಗೊತ್ತು. ಎರಡೇಕೆ ಎಂಬುದನ್ನು ಮೇಷ್ಟ್ರು ಹೇಳಬೇಕು.

ಏಲಕ್ಕಿ_ಮಲೆ

ಅದು ನನಗೆ ಗೊತ್ತು. ಸರಳಿಗೆ ಯಂಗ್ ಗುಣಾಂಕ, ದೊಡ್ಡ ಗಟ್ಟಿಗೆ ಗಾತ್ರ ಗುಣಾಂಕ. ದ್ರವದಲ್ಲಿ √(K/ρ) ಎಂದು ಬಳಸುವುದಿಲ್ಲವೇ, ಹಾಗೆಯೇ. ಸಾಂದ್ರತೆಯ ವಿಷಯದಲ್ಲಿ ನಾನು ತಪ್ಪಿದೆ, ಒಪ್ಪುತ್ತೇನೆ; ಇದರಲ್ಲಿ ತಪ್ಪಿಲ್ಲ.

ಮಡಿಕೇರಿ_ನಿವೃತ್ತ_ಮೇಷ್ಟ್ರು

ಅರ್ಧ ಸರಿ. ಲೆಕ್ಕ ಹಾಕಿ ನೋಡಿದ್ದರೆ ನೀವೇ ಹಿಂದೆ ಸರಿಯುತ್ತಿದ್ದಿರಿ. ಅಲ್ಯೂಮಿನಿಯಂನ K ಸುಮಾರು 7.6 × 10¹⁰. ಅದರಿಂದ 5300 ಬರುತ್ತದೆ, 6400 ಅಲ್ಲ. ದ್ರವಕ್ಕೂ ಘನಕ್ಕೂ ಇರುವ ವ್ಯತ್ಯಾಸವೆಂದರೆ ಘನವು ಆಕಾರ ಬದಲಾವಣೆಯನ್ನೂ ವಿರೋಧಿಸುತ್ತದೆ. ಅಲೆಯು ಒಂದೇ ದಿಕ್ಕಿನಲ್ಲಿ ಒತ್ತುವಾಗ ಗಾತ್ರ ಕಡಿಮೆಯಾಗುವುದರ ಜೊತೆಗೆ ಆಕಾರವೂ ಚಪ್ಪಟೆಯಾಗುತ್ತದೆ. ಆದ್ದರಿಂದ K ಜೊತೆಗೆ ಬಿರುಸು ಗುಣಾಂಕ G ಯ ಮೂರರಲ್ಲಿ ನಾಲ್ಕು ಪಾಲು ಸೇರಬೇಕು, ಅಂದರೆ K + 4G/3. ಅಲ್ಯೂಮಿನಿಯಂನ G 2.6 × 10¹⁰ ಆದ್ದರಿಂದ ಒಟ್ಟು 11.1 × 10¹⁰ರ ಹತ್ತಿರವಾಗುತ್ತದೆ, ವೇಗ 6400.

ಸರಳಿನಲ್ಲಿ ಏಕೆ ಇಷ್ಟು ಕಡಿಮೆ ಎಂಬುದನ್ನು ಅಡುಗೆಮನೆಯಲ್ಲೇ ತೋರಿಸಬಹುದು. ಕಡಂಬುಟ್ಟಿಗೆ ಕಟ್ಟಿದ ಹಿಟ್ಟಿನ ಉಂಡೆಯನ್ನು ಎರಡು ಅಂಗೈಗಳ ನಡುವೆ ಒತ್ತಿದರೆ ಸುಲಭವಾಗಿ ತಗ್ಗುತ್ತದೆ, ಏಕೆಂದರೆ ಅದು ಪಕ್ಕಕ್ಕೆ ಉಬ್ಬಲು ಜಾಗವಿದೆ. ಅದೇ ಹಿಟ್ಟನ್ನು ನೂಪುಟ್ಟಿನ ಒರಳಿಗೆ ತುಂಬಿ, ಕೆಳಗಿನ ಬಿಲ್ಲೆಯ ತೂತುಗಳನ್ನು ಮುಚ್ಚಿ ಒತ್ತಿ ನೋಡಿ; ಮೈಭಾರ ಹಾಕಿದರೂ ಅಲುಗದು. ಹಿಟ್ಟು ಬದಲಾಗಿಲ್ಲ, ಪಕ್ಕಕ್ಕೆ ಹೋಗುವ ದಾರಿ ಮಾತ್ರ ಮುಚ್ಚಿದೆ. ತೆಳುವಾದ ಸರಳಿನ ಪಕ್ಕದಲ್ಲಿ ಗಾಳಿಯಿದೆ, ಉದ್ದಕ್ಕೆ ಕುಗ್ಗಿದ ಭಾಗ ಅಡ್ಡಕ್ಕೆ ಸ್ವಲ್ಪ ಉಬ್ಬಬಹುದು; ಆದ್ದರಿಂದ ಅದು ಮೆದುವಾಗಿ ವರ್ತಿಸುತ್ತದೆ, ಅಲೆ ನಿಧಾನ. ಅಗಲವಾದ ಗಟ್ಟಿಯೊಳಗೆ ಪ್ರತಿ ಚೂರಿನ ಸುತ್ತಲೂ ತನ್ನಂತೆಯೇ ಒತ್ತಡಕ್ಕೆ ಸಿಕ್ಕ ನೆರೆಯ ಲೋಹವಿದೆ, ಉಬ್ಬಲು ಬಿಡುವುದಿಲ್ಲ, ಅಲೆ ಬೇಗ. ಯಂಗ್ ಗುಣಾಂಕವೆಂಬುದು ಪಕ್ಕಗಳು ಬಿಡುವಾಗಿರುವ ತಂತಿಯನ್ನೋ ಸರಳನ್ನೋ ಎಳೆದು ಅಳೆದ ಸಂಖ್ಯೆಯಾದ್ದರಿಂದ, ಸರಳಿನ ಅಲೆಗೆ ಅದೇ ಹೊಂದುತ್ತದೆ.

ಕುಶಾಲನಗರ_ವೆಲ್ಡಿಂಗ್

ಒಪ್ಪಿದೆ ಮೇಷ್ಟ್ರೇ, ಆದರೆ ಒಂದು ಸಂಶಯ. ಈ ಹುಡುಗಿಯ ಸರಳಿನ ತುದಿಗೆ ನಮ್ಮ ಗೇಜ್ ಹಚ್ಚಿದರೆ ಯಾವ ವೇಗ ಸಿಗುತ್ತದೆ? ಸರಳು ಅದೇ ಅಲ್ಲವೇ?

ಮಡಿಕೇರಿ_ನಿವೃತ್ತ_ಮೇಷ್ಟ್ರು

ಒಳ್ಳೆಯ ಪ್ರಶ್ನೆ, ನಾನೇ ಹೇಳಬೇಕಿತ್ತು. ತೆಳು ಸರಳು ಎಂಬಲ್ಲಿ ತೆಳು ಎಂದರೆ ತರಂಗದೂರಕ್ಕೆ ಹೋಲಿಸಿದರೆ ತೆಳು. ಸುತ್ತಿಗೆಯ ಪೆಟ್ಟಿನ ಅಲೆಗೆ ತರಂಗದೂರ ಎರಡು ಮೀಟರ್. ಅದರ ಮುಂದೆ ಒಂದು ಬೆರಳಿನಷ್ಟು ದಪ್ಪ ಏನೂ ಅಲ್ಲ, ತಿದ್ದುಪಡಿ ಲಕ್ಷದಲ್ಲಿ ಒಂದು ಪಾಲಿನಷ್ಟು. ನಿಮ್ಮ ಗೇಜ್ 5 ಮೆಗಾಹರ್ಟ್ಜ್‌ನದಾದರೆ ತರಂಗದೂರ ಒಂದು ಎಂ.ಎಂ. ಚಿಲ್ಲರೆ, ಆ ಅಲೆಗೆ ಈ ಸರಳೇ ಅಗಲವಾದ ಗಟ್ಟಿ. ಪ್ರತಿಧ್ವನಿಯ ಮೊದಲ ತುದಿ 6000 ಮೀರಿದ ವೇಗದಲ್ಲಿ ಬರುತ್ತದೆ, ಪಕ್ಕದ ಗೋಡೆಗಳಿಗೆ ತಾಗಿ ಬಂದದ್ದು ಹಿಂದೆ ಬಾಲದಂತೆ ಬರುತ್ತದೆ. ಎರಡರ ನಡುವಿನ ಆವೃತ್ತಿಗಳಲ್ಲಿ, ತರಂಗದೂರವು ವ್ಯಾಸಕ್ಕೆ ಸಮೀಪಿಸಿದಾಗ, ಒಂದೇ ವೇಗ ಎಂದು ಹೇಳಲಾಗುವುದಿಲ್ಲ, ಆವೃತ್ತಿಗೊಂದು ವೇಗ.

ಬಾಣೆ_ಬದಿ

ಪುಸ್ತಕಗಳಲ್ಲೆಲ್ಲಾ ರೈಲು ಹಳಿಗೆ ಕಿವಿಯಿಟ್ಟು ಕೇಳುವ ಉದಾಹರಣೆಯೇ ಇರುತ್ತದೆ. ನಮ್ಮ ಜಿಲ್ಲೆಯಲ್ಲಿ ಹಳಿಯೇ ಇಲ್ಲವಾದ್ದರಿಂದ ನಾವು ಸ್ಪ್ರಿಂಕ್ಲರ್ ಪೈಪಿಗೆ ಕಿವಿಯಿಡಬೇಕು. ತಮಾಷೆ ಬಿಟ್ಟು ಹೇಳುವುದಾದರೆ, ಫ್ರಾನ್ಸಿನ ಬಿಯೋ 1808ರಲ್ಲಿ ಮಾಡಿದ್ದು ಇದನ್ನೇ. ಪ್ಯಾರಿಸ್‌ನಲ್ಲಿ ಸಾಲಾಗಿ ಜೋಡಿಸಿದ್ದ 951 ಮೀಟರ್ ಉದ್ದದ ಬೀಡು ಕಬ್ಬಿಣದ ನೀರಿನ ಕೊಳವೆಯ ಒಂದು ತುದಿಗೆ ಹೊಡೆದಾಗ ಇನ್ನೊಂದು ತುದಿಯಲ್ಲಿ ಎರಡು ಸದ್ದು ಕೇಳಿತು: ಮೊದಲು ಲೋಹದ ಮೂಲಕ, ಸುಮಾರು ಎರಡೂವರೆ ಸೆಕೆಂಡಿನ ನಂತರ ಗಾಳಿಯ ಮೂಲಕ. ಲೋಹದಲ್ಲಿ ವೇಗ ಗಾಳಿಗಿಂತ ಹತ್ತೂವರೆ ಪಟ್ಟು ಎಂದು ಅವರು ತೀರ್ಮಾನಿಸಿದರು.

ಸುಂಟಿಕೊಪ್ಪ_ಸೈಕಲ್

ಹತ್ತೂವರೆ ಪಟ್ಟು ಎಂದರೆ 3600 ಚಿಲ್ಲರೆ. ಮೇಷ್ಟ್ರು ಹೇಳಿದ 5050ಕ್ಕೆ ಅದು ಎಲ್ಲಿ ಹೊಂದುತ್ತದೆ? ಕೊಳವೆಗಳ ಕೀಲುಗಳಲ್ಲಿ ಸೀಸ ತುಂಬಿದ್ದರಿಂದ ಅಲೆ ತಡವಾಗಿರಬೇಕು.

ಬಾಣೆ_ಬದಿ

ಕೀಲುಗಳ ಪಾಲೂ ಇರಬಹುದು. ಆದರೆ ಬೀಡು ಕಬ್ಬಿಣವು ಉಕ್ಕಲ್ಲ. ಅದರ ಯಂಗ್ ಗುಣಾಂಕ ಉಕ್ಕಿನ ಅರ್ಧದಷ್ಟಿರುವುದು ಸಾಮಾನ್ಯ, ಸಾಂದ್ರತೆ ಮಾತ್ರ ಸ್ವಲ್ಪವೇ ಕಡಿಮೆ. ಅದರಿಂದಲೇ 3700ರ ಆಸುಪಾಸು ಬರುತ್ತದೆ. ಕಾಲು ಸೆಕೆಂಡಿನ ಪಯಣವನ್ನು ಆ ಕಾಲದ ಗಡಿಯಾರದಲ್ಲಿ ಅಳೆದದ್ದು, ಕೀಲಿನ ಪಾಲೆಷ್ಟು ಎಂದು ಅದರಿಂದ ಬೇರ್ಪಡಿಸಲಾಗದು.

ಗೋಣಿಕೊಪ್ಪ_ಬಿಎಸ್ಸಿ

ಎಲ್ಲರಿಗೂ ಧನ್ಯವಾದಗಳು. ಇಂದು ಕಾಲೇಜಿನ ವರ್ನಿಯರ್‌ನಲ್ಲಿ ಐದು ಕಡೆ ಅಳೆದೆ. ಎಲ್ಲ ಕಡೆಯೂ 12.7 ಎಂ.ಎಂ. ಅಂದರೆ ಅದು ಅರ್ಧ ಇಂಚಿನ ಸರಳು, ಅಂಗಡಿಯವರು ಬಾಯಿಮಾತಿಗೆ 12 ಎಂದಿದ್ದರು. ಗಾತ್ರ 126.7 ಘನ ಸೆಂ.ಮೀ., ಸಾಂದ್ರತೆ 2.70. ಸೂತ್ರದಿಂದ ವೇಗ 5055 ಬಂತು, ನಾದದಿಂದ ಬಂದದ್ದು 5060. ವ್ಯತ್ಯಾಸ ಐದೇ ಮೀಟರ್! ವ್ಯಾಸದಲ್ಲಿ ಮುಕ್ಕಾಲು ಎಂ.ಎಂ. ಕೂಡ ಇಲ್ಲದ ತಪ್ಪು ವೇಗದಲ್ಲಿ 280 ಮೀಟರ್ ನುಂಗಿತ್ತು.

ಮೇಷ್ಟ್ರು ಹೇಳಿದಂತೆ ಕಾಲು ಭಾಗದಲ್ಲಿ ಹಿಡಿದೂ ತಟ್ಟಿದೆ. 5060 ಹರ್ಟ್ಜ್‌ನಲ್ಲಿ ಹೊಸ ಮೊನೆ ಎದ್ದಿತು, ಆದರೆ 2530 ಪೂರ್ತಿ ಹೋಗಲಿಲ್ಲ. ಗಿಡ್ಡವಾಗಿ ಉಳಿದಿದೆ ಮತ್ತು ಬೇಗ ಆರುತ್ತದೆ.

ಮಡಿಕೇರಿ_ನಿವೃತ್ತ_ಮೇಷ್ಟ್ರು

ಬೇಗ ಆರುತ್ತದೆ ಎಂಬುದನ್ನು ಗಮನಿಸಿದ್ದೀಯಲ್ಲ, ಸಂತೋಷ. ಬೆರಳು ಗೋಡೆಯಂತೆ ತಡೆಯುವುದಿಲ್ಲ, ಅಲುಗುವ ಜಾಗದಲ್ಲಿ ಶಕ್ತಿಯನ್ನು ಹೀರುತ್ತದೆ ಅಷ್ಟೇ. ಬಿಗಿಯಾಗಿ ಹಿಡಿದಷ್ಟೂ ಅದು ಬೇಗ ಸಾಯುತ್ತದೆ.

ಆದರೆ ಆ ಐದು ಮೀಟರ್‌ಗೆ ಹಿಗ್ಗಬೇಡ. ಅಲ್ಯೂಮಿನಿಯಂನ ಯಂಗ್ ಗುಣಾಂಕವನ್ನು ಒಂದು ಪುಸ್ತಕ 6.9 ಎನ್ನುತ್ತದೆ, ಇನ್ನೊಂದು 7.0 ಎನ್ನುತ್ತದೆ, ಮಿಶ್ರಲೋಹಕ್ಕೆ ತಕ್ಕಂತೆ ಬದಲಾಗುತ್ತದೆ. ನೂರರಲ್ಲಿ ಒಂದು ಪಾಲು Y ಬದಲಾದರೆ ವೇಗ ಅದರ ಅರ್ಧದಷ್ಟು, ಅಂದರೆ 25 ಮೀಟರ್ ಬದಲಾಗುತ್ತದೆ. ನಿನ್ನ ಸರಳು ಯಾವ ಮಿಶ್ರಲೋಹವೆಂದು ತಿಳಿಯದೆ ಪುಸ್ತಕದ ಸಂಖ್ಯೆಯೊಂದಿಗೆ ತಾಳೆ ನೋಡುವುದರಲ್ಲಿ ಅರ್ಥವಿಲ್ಲ. ತಿರುಗಿಸಿ ಬರೆ: ಉದ್ದ ಮತ್ತು ಆವೃತ್ತಿಯಿಂದ ವೇಗ, ತೂಕ ಮತ್ತು ವರ್ನಿಯರ್‌ನಿಂದ ಸಾಂದ್ರತೆ, ಅವೆರಡರಿಂದ Y = ρv². ನಿನ್ನ ಸರಳಿನ Y 6.91 × 10¹⁰ ಎಂದು ಅಳೆದಿದ್ದೇನೆ ಎಂದು ಹೇಳು.

ಏಲಕ್ಕಿ_ಮಲೆ

ಮೊಬೈಲ್‌ನಲ್ಲಿ ಅಳೆದದ್ದನ್ನು ಪರೀಕ್ಷಕರು ಒಪ್ಪುತ್ತಾರೆಯೇ?

ಕುಶಾಲನಗರ_ವೆಲ್ಡಿಂಗ್

ಮೊಬೈಲ್ ಇಲ್ಲಿ ದುರ್ಬಲ ಕೊಂಡಿಯೇ ಅಲ್ಲ. ಅರ್ಧ ಸೆಕೆಂಡಿನ ನಾದ ಹಿಡಿದರೂ ಆವೃತ್ತಿ ಎರಡು ಹರ್ಟ್ಜ್ ಒಳಗೆ ಸಿಗುತ್ತದೆ, 2530ರಲ್ಲಿ ಅದು ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಉದ್ದ ಒಂದು ಎಂ.ಎಂ. ತಪ್ಪಿದರೆ ಅದಕ್ಕಿಂತ ಹೆಚ್ಚು ತಪ್ಪುತ್ತದೆ. ಈ ಸಲ ಕೈಕೊಟ್ಟದ್ದು ಅಂಗಡಿಯವರ ಬಾಯಿಮಾತು.

ತೋಟದ_ಪೈಪು

ನಾನೂ ಅಳೆದೆ. ಮಗನ ಮೊಬೈಲ್‌ನಲ್ಲಿ ಅದೇ ಆ್ಯಪ್ ಹಾಕಿಸಿ, ಪೈಪನ್ನು ನಡುವೆ ಹಗ್ಗದಿಂದ ಶೆಡ್ಡಿನ ತೊಲೆಗೆ ತೂಗುಹಾಕಿ, ತುದಿಗೆ ತಟ್ಟಿದೆ. 415 ಬರಬೇಕೆಂದು ಕುಶಾಲನಗರದವರು ಹೇಳಿದ್ದರು; ನನಗೆ ಬಂದದ್ದು 396. ಮೂರು ಸಲವೂ ಅಷ್ಟೇ. ಉದ್ದವನ್ನು ಟೇಪಿನಲ್ಲಿ ಅಳೆದಿದ್ದೇನೆ, ಸರಿಯಾಗಿದೆ.

ಕುಶಾಲನಗರ_ವೆಲ್ಡಿಂಗ್

ಅಣ್ಣ, ಒಂದು ತುದಿಯಲ್ಲಿ ಕಪ್ಲರ್ ಇದೆಯೇ?

ತೋಟದ_ಪೈಪು

ಇದೆ, ಕೊಕ್ಕೆ ಸಮೇತ. ವರ್ಷಗಳಿಂದ ಬಿಚ್ಚಿಲ್ಲ.

ಕುಶಾಲನಗರ_ವೆಲ್ಡಿಂಗ್

ಹಾಗಾದರೆ ಬಹುಶಃ ಅದೇ. ತುದಿಯಲ್ಲಿ ಅಂಟಿಕೊಂಡ ತೂಕ ಪೈಪಿನ ಒಟ್ಟು ತೂಕದ ನೂರರಲ್ಲಿ ಐದು ಪಾಲಾದರೆ ಸ್ವರವೂ ನೂರರಲ್ಲಿ ಸುಮಾರು ಐದು ಪಾಲು ಇಳಿಯುತ್ತದೆ. ಪೈಪು ಐದು ಕೆ.ಜಿ. ಇದ್ದರೆ ಕಾಲು ಕೆ.ಜಿ. ಸಾಕು.

ಸುಂಟಿಕೊಪ್ಪ_ಸೈಕಲ್

ಅಥವಾ ಪೈಪು ಎಲ್ಲೋ ಬಿರುಕು ಬಿಟ್ಟಿರಬಹುದು. ಬಿರುಕಿದ್ದರೂ ಸ್ವರ ಇಳಿಯುವುದಿಲ್ಲವೇ?

ಮಡಿಕೇರಿ_ನಿವೃತ್ತ_ಮೇಷ್ಟ್ರು

ಈ ಸಲ ಸೈಕಲ್‌ನವರ ಮಾತನ್ನು ತಳ್ಳಿಹಾಕಲಾರೆ. ಎರಡೂ ಸ್ವರವನ್ನು ಇಳಿಸುತ್ತವೆ. ಕಪ್ಲರ್ ಬಿಚ್ಚಿ ಮತ್ತೆ ತಟ್ಟಿದರೆ ತಿಳಿಯುತ್ತದೆ: 415ಕ್ಕೆ ಮರಳಿದರೆ ಕಪ್ಲರ್, 396ರಲ್ಲೇ ನಿಂತರೆ ಬೇರೇನೋ.

ತೋಟದ_ಪೈಪು

ಅದು ತುಕ್ಕು ಹಿಡಿದು ಕೂತಿದೆ ಮೇಷ್ಟ್ರೇ. ಮಳೆ ಬಿಟ್ಟ ಮೇಲೆ ಎಣ್ಣೆ ಹಾಕಿ ನೋಡುತ್ತೇನೆ. ಬಿಚ್ಚಿದ ಕಪ್ಲರನ್ನು ತಕ್ಕಡಿಗೆ ಹಾಕಿ, ಪೈಪನ್ನು ಬೇರೆಯಾಗಿ ತೂಗಿ, ಎರಡು ತೂಕವನ್ನೂ ಇಲ್ಲೇ ಬರೆಯುತ್ತೇನೆ.